ಜೈಪಾಲನ ಎರಡು ತಲೆನೋವು

ತೆಲಂಗಾಣದ ಗಡಿಯ ನಾರಾಯಣಖೇಡದ ಆಟೊ ಅಡ್ಡಾದಲ್ಲಿ ತಲೆಗೆ ಟವೆಲ್ ಬಿಗಿದುಕೊಂಡು ಗಾಡಿ ಹೊಡೆಯುವವರನ್ನು ಕಂಡರೆ ಯಾರೂ ಏನಾಯಿತೆಂದು ಕೇಳುವುದಿಲ್ಲ. ಅದು ಅಲ್ಲಿಯ ಸಮವಸ್ತ್ರ. ಮನೂರಿನ ಕಡೆ ಹೋಗುವ ಶೇರ್ ಆಟೊಗಳಲ್ಲಿ ನಾನು ಒಂಬತ್ತು ವರ್ಷ ಓಡಾಡಿದ್ದೇನೆ. ಅಲ್ಲಿ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರ್ ನಾನು. ಆ ಹಾದಿಯ ಚಾಲಕರೆಲ್ಲರ ತಲೆನೋವಿನ ಕಥೆ ನನಗೆ ಬಾಯಿಪಾಠ. ಅವರಲ್ಲಿ ಜೈಪಾಲನದನ್ನು ಬರೆಯುತ್ತಿದ್ದೇನೆ. ಯಾಕೆ ಎಂದರೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಜೈಪಾಲ ಮೊದಲು ತಾಂಡೂರಿನಲ್ಲಿದ್ದ. ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ದಿನವಿಡೀ ಮಶೀನಿನ ಮೇಲೆ ಬಗ್ಗಿ ನಿಲ್ಲುವ ಕೆಲಸ. ಸಂಜೆಯಾಗುವ ಹೊತ್ತಿಗೆ ಕುತ್ತಿಗೆ, ಹೆಗಲು ಕಲ್ಲಿನಂತಾಗಿ, ಅಲ್ಲಿಂದ ನೋವು ಮೇಲೇರಿ ಹಣೆಯ ಸುತ್ತ ಕೂರುತ್ತಿತ್ತಂತೆ. ಸಣ್ಣ ಅಳತೆಯ ಟೊಪ್ಪಿಗೆಯನ್ನು ಯಾರೋ ಒತ್ತಿ ಹಾಕಿದ ಹಾಗೆ. ಎರಡೂ ಕಡೆ ಸಮ. ಕುಟ್ಟುವುದಿಲ್ಲ, ಬಡಿಯುವುದಿಲ್ಲ, ಸುಮ್ಮನೆ ಬಿಗಿಯುವುದು. ವಾಂತಿ ಇಲ್ಲ, ಊಟ ಸೇರುತ್ತದೆ, ನಾಲ್ಕು ಮಾತಾಡಿದರೆ ಮರೆತೂ ಹೋಗುತ್ತದೆ. ಅಂಥ ತಲೆನೋವಿಟ್ಟುಕೊಂಡೇ ಅವನು ಮದುವೆಯಾದ. ಹೆಂಡತಿ ಧಮ್ಮಶೀಲಾಳ ಊರು ಮನೂರಿನ ಕಡೆ. ಶೆಡ್ಡಿನ ಧೂಳು ಸಾಕೆಂದು ಈ ಕಡೆ ಬಂದು ಆಟೊ ಹಿಡಿದ.

ಆಟೊ ಹಿಡಿದ ಮೇಲೂ ಆ ನೋವು ಬಿಡಲಿಲ್ಲ. ಬಿಡುವುದಾದರೂ ಹೇಗೆ? ಚಾಲಕನ ಸೀಟಿನಲ್ಲಿ ಮೂವರು ಕೂತಿರುತ್ತಾರೆ. ಅವನು ಅರ್ಧ ಸೊಂಟ ಊರಿ, ಕುತ್ತಿಗೆ ಓರೆ ಮಾಡಿಕೊಂಡೇ ಗಾಡಿ ಹೊಡೆಯಬೇಕು. ಅದರ ಮೇಲೆ ಕುಣಿಸುವ ರಸ್ತೆ, ಹಿಂದಿನಿಂದ ಹಾರ್ನು, ಮನೆಯ ಚಿಂತೆ. ಅಡ್ಡಾದ ಹಿರಿಯ ರಾಮುಲು ಧಮ್ಮಶೀಲಾಳ ಚಿಕ್ಕಪ್ಪನೇ ಆಗಬೇಕು. ಗಾಡಿ ಹೊಡೆಯುವುದನ್ನು ಜೈಪಾಲನಿಗೆ ಕಲಿಸಿದವನು ಅವನು, ತಲೆನೋವಿನ ಔಷಧ ಹೇಳಿದವನೂ ಅವನೇ.

“ಟವೆಲ್ ಬಿಗಿ, ಒಂದ್ ಗಟ್ಟಿ ಚಾ ಕುಡಿ, ಹ್ಯಾಂಡಲ್ ಹಿಡಿ. ಟೆನ್ಶನ್ ತಲಿಬ್ಯಾನಿ ಅದು. ನಂಗ ಇಪ್ಪತ್ ವರ್ಷದಿಂದ ಅದ, ಸತ್ತೀನೇನು?”

ಸತ್ತಿರಲಿಲ್ಲ, ನಿಜ. ರಾಮುಲುವಿಗೆ ಈ ಔಷಧ ಹಿಡಿಯುತ್ತಿತ್ತು, ಜೈಪಾಲನಿಗೂ ಹಿಡಿಯಿತು. ತಪ್ಪು ಶುರುವಾದದ್ದು ಅಲ್ಲೇ. ಒಮ್ಮೆ ಹಿಡಿದ ಔಷಧವನ್ನು ನಮ್ಮ ಜನ ದೇವರ ಮಾತಿನಂತೆ ನಂಬುತ್ತಾರೆ. ಬಂದ ನೋವು ಅದೇ ಹೌದೋ ಅಲ್ಲವೋ ಎಂದು ತಿರುಗಿ ನೋಡುವುದಿಲ್ಲ.

ಬೇರೆಯದು ಬಂದದ್ದು ಒಂದು ಬೇಸಿಗೆಯಲ್ಲಿ. ಬೆಳಗಿನ ಟ್ರಿಪ್. ಜೈಪಾಲ ಬೇವಿನಮರದ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿದವನು ಮುಂದೆ ಹೊಡೆಯಲೇ ಇಲ್ಲ. ಕೆಳಗಿಳಿದು, ಮರಕ್ಕೆ ಹಣೆ ಕೊಟ್ಟು ನಿಂತ. ಆಮೇಲೆ ವಾಂತಿ ಮಾಡಿಕೊಂಡ. ಬಿಸಿಲಿಗೆ ಕಣ್ಣು ಬಿಡಲಾರದೆ ಟವೆಲನ್ನು ಮುಖದ ಮೇಲೆ ಎಳೆದುಕೊಂಡು ನೆಲದ ಮೇಲೇ ಕೂತ. ಯಾರೋ ಫೋನಿನಲ್ಲಿ ಹಾಡು ಹಚ್ಚಿದರು. ಅವನು ಎರಡೂ ಕಿವಿ ಮುಚ್ಚಿಕೊಂಡು “ಬಂದ್ ಮಾಡ್ರಿ, ನಿಮ್ಮ ಕಾಲ್ ಬೀಳ್ತೀನಿ” ಎಂದ. ಗಾಡಿಯಲ್ಲಿದ್ದವರು ರಾತ್ರಿ ಕುಡಿದಿರಬೇಕೆಂದು ನಕ್ಕರು. ಜೈಪಾಲ ಕುಡಿಯುವವನಲ್ಲ.

ನಗದೇ ಇದ್ದವಳು ಮಾಳಮ್ಮ ಒಬ್ಬಳೇ. ಮಾಳಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಅದೇ ಕ್ರಾಸಿನಲ್ಲಿ, ಬೇವಿನ ಮರದ ಕೆಳಗೆ ನಿಂತು, ದಿನಾ ಜೈಪಾಲನ ಗಾಡಿಯನ್ನೇ ಹತ್ತುವಳು. ಬೇರೆ ಗಾಡಿ ಬಂದು ನಿಂತರೂ “ನಮ್ ಹುಡುಗ ಬರ್ತಾನ” ಎಂದು ಬಿಟ್ಟುಬಿಡುವಳು. ಅವತ್ತು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು.

“ತಮ್ಮಾ, ನೋವು ಒಂದ ಕಡಿ ಅದನೋ, ಎರಡೂ ಕಡಿ ಅದನೋ?”

“ಬಲಗಡೀನೇ ಅವ್ವ. ಕಣ್ಣಿನ ಹಿಂದ. ನಾಡಿ ಹೊಡ್ದಂಗ ಹೊಡೀಲಾಕತ್ತದ. ಹೆಜ್ಜಿ ಇಟ್ರ ಜಾಸ್ತಿ ಆಗ್ತದ.”

“ಮೊದಲ ಬೆಳಕ ಬಂದಿತ್ತೇನು? ಗರಗಸದ ಹಲ್ಲಿನಂಗ ಮಿಣಮಿಣ ಅಂತ?”

ಅವನು ಟವೆಲ್ ಸರಿಸಿ ಅವಳ ಮುಖ ನೋಡಿದ. “ನಿಂಗ್ಹ್ಯಾಂಗ ಗೊತ್ತು?”

“ನಂಗೂ ಬರ್ತದ. ಅರ್ಧತಲಿ ಇದು. ನಮ್ಮ ಓಣ್ಯಾಗಿನ ಸಾಬರ ಹೆಂಗಸ್ರು ಆಧಾಸೀಸಿ ಅಂತಾರ. ಒಗ್ಗರಣಿ ಹೊಗಿ ಬಡಿದ್ರ ನಂಗ ಏಳ್ತದ, ಮತ್ತ ಮುಟ್ಟಾಗೋ ಹೊತ್ತಿನ್ಯಾಗ ಏಳ್ತಿತ್ತು. ಟವೆಲ್ ಬಿಗಿದ್ರ ಹೋಗೂದಲ್ಲ ತಮ್ಮಾ. ಕತ್ತಲ ಕೋಣ್ಯಾಗ ಮಲಗಬೇಕು.”

ಈ ಮಾತು ಅವಳು ಪ್ರೀತಿಯಿಂದ ಹೇಳಿದ್ದು. ಕೇಳಿಸಿಕೊಂಡವರು ಅದನ್ನು ಅಡ್ಡಾಕ್ಕೆ ಹೊತ್ತುಕೊಂಡು ಹೋದರು. ನಮ್ಮ ಕಡೆ ಅರೆತಲೆನೋವು ಹೆಂಗಸರದ್ದು ಎಂಬ ನಂಬಿಕೆ. ಗಂಡಸಿಗೆ ಬರುವುದು ಟೆನ್ಶನ್ ತಲೆನೋವು; ದುಡಿಯುವವನಿಗೆ, ಸಂಸಾರ ಹೊತ್ತವನಿಗೆ ಬರುವ ಮರ್ಯಾದಸ್ಥ ನೋವು ಅದು. ಅರ್ಧತಲೆ ಅಂದರೆ ಬಸುರಿ ಬಾಣಂತಿಯರ ಮಾತು. ಮರುದಿನದಿಂದ ಜೈಪಾಲನಿಗೆ “ಜೈಪಾಲಮ್ಮ” ಎಂಬ ಹೆಸರು ಬಿತ್ತು. ರಾಮುಲು ಎಲ್ಲರ ಮುಂದೆ ತನ್ನ ಟವೆಲ್ ಬಿಗಿದು ತೋರಿಸಿ, “ನೋಡು, ನಾನೂ ತಲಿಬ್ಯಾನಿ ಇದ್ದಾವನೇ. ಗಾಡಿ ಬಿಟ್ಟು ಮರ ಅಪ್ಪಿಕೊಂಡು ಕೂತೀನೇನು?” ಎಂದ. ತನಗೂ ತಲೆನೋವು ಇದ್ದವನೇ ಇನ್ನೊಬ್ಬನ ತಲೆನೋವಿಗೆ ಕಡುವೈರಿ ಎಂಬುದನ್ನು ನಾನು ಅಂದೇ ಕಂಡೆ. ಅವನು ತನ್ನ ನೋವಿನಿಂದ ಬೇರೆಯವರದನ್ನು ಅಳೆಯುತ್ತಾನೆ, ಅಳತೆಗೋಲೇ ಬೇರೆ ಎಂದು ಅವನ ತಲೆಗೆ ಹೋಗುವುದಿಲ್ಲ.

ಅದು ಮತ್ತೆ ಮತ್ತೆ ಬಂತು. ಒಂದು ರಜೆಯಲ್ಲಿ ನಾನು ಜಹೀರಾಬಾದಿಗೆ ಹೋಗುವುದಿತ್ತು. ಮಾಳಮ್ಮ ನನ್ನ ಬೆನ್ನು ಹತ್ತಿ, “ಇವನ್ನೂ ದವಾಖಾನಿಗೆ ಕರ್ಕೊಂಡ್ ಹೋಗ್ರಿ ಟೀಚರ್, ನಾ ಅಂದ್ರ ಕೇಳವಲ್ಲ” ಎಂದಳು. ಹೋದೆವು. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಗಡಿಬಿಡಿ, ಆದರೆ ಕೇಳುವುದರಲ್ಲಿ ಗಡಿಬಿಡಿ ಇರಲಿಲ್ಲ. ಬಿಪಿ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಕೈಕಾಲಿನ ಶಕ್ತಿ ನೋಡಿದರು, ನಡೆಸಿದರು. ಆಮೇಲೆ ತೆಲುಗು, ದಖನಿ ಉರ್ದು ಬೆರೆಸಿ ಅರ್ಧ ಗಂಟೆ ವಿವರಿಸಿದರು.

ಅವರು ಹೇಳಿದ್ದು ಹೀಗೆ. ಜೈಪಾಲನಿಗೆ ಇರುವುದು ಒಂದಲ್ಲ, ಎರಡು ತಲೆನೋವು. ತಾಂಡೂರಿನಿಂದ ತಂದದ್ದು ಟೆನ್ಶನ್ ತಲೆನೋವು. ಕುತ್ತಿಗೆ ಹಿಡಿದು ಕೂರುವುದು, ಚಿಂತೆ, ಹಲ್ಲು ಕಚ್ಚುವುದು, ದಣಿವು ಅದನ್ನು ಎಬ್ಬಿಸುತ್ತವೆ. ಅದರಲ್ಲಿ ಕೆಲಸ ಮಾಡಬಹುದು. ಎರಡನೆಯದು ಮೈಗ್ರೇನ್. ಗಂಡಸರಿಗೂ ಬರುತ್ತದೆ, ಹೆಂಗಸರಿಗೆ ಹೆಚ್ಚು, ಅಷ್ಟೇ. ನಿದ್ದೆಗೆಟ್ಟರೆ, ಹೊಟ್ಟೆ ಖಾಲಿ ಬಿಟ್ಟರೆ, ನೀರು ಕುಡಿಯದಿದ್ದರೆ, ಬಿಸಿಲಿನ ಝಳ ಕಣ್ಣಿಗೆ ಹೊಡೆದರೆ, ಡೀಸೆಲ್ ವಾಸನೆ ಮೂಗಿಗೆ ಏರಿದರೆ ಏಳಬಹುದು. ದೊಡ್ಡ ಚಿಂತೆ ಮುಗಿದು ಹಗುರಾದ ಮರುದಿನವೂ ಬರಬಹುದು. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಹೊಳೆಯುವ ಗೆರೆ ಕಾಣುತ್ತದೆ, ಅದು ಅಗಲವಾಗುತ್ತ ಹೋಗಿ, ನೋಡುವುದರಲ್ಲಿ ಒಂದು ಪಾಲನ್ನು ನುಂಗುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ತಾನೇ ಸರಿಹೋಗುತ್ತದೆ.

“ಯಾವ್ ಕಣ್ಣು ಮುಚ್ಚಿದ್ರೂ ಹಂಗೇ ಇರ್ತದ ಮೇಡಂ. ಎಡಗಡಿ ಇರೂದೇ ಇಲ್ಲ. ಕಪ್ಪೂ ಕಾಣ್ಸಲ್ಲ, ಏನೂ ಇರಲ್ಲ” ಎಂದ ಜೈಪಾಲ.

ತೊಂದರೆ ಕಣ್ಣಿನದಲ್ಲ, ಮಿದುಳಿನದು, ಅದಕ್ಕೇ ಹಾಗೆ ಎಂದರು ಡಾಕ್ಟರಮ್ಮ. ಇಲ್ಲದ ಜಾಗವನ್ನು ಮಿದುಳು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ, ಕಾಣುತ್ತಿಲ್ಲ ಎಂಬುದೂ ಗೊತ್ತಾಗುವುದಿಲ್ಲ ಎಂದರು. ಮಾತು ತೊದಲಿದರೆ, ಕೈಕಾಲು ಸೋತರೆ, ಸಿಡಿಲಿನಂತೆ ಒಮ್ಮೆಗೇ ನೋವು ಎರಗಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ನೋವಿನ ಗುಳಿಗೆಯನ್ನು ದಿನಾ ನುಂಗಬಾರದು, ಗುಳಿಗೆಯೇ ಇನ್ನೊಂದು ತಲೆನೋವಾಗುತ್ತದೆ. ನೋವು ಕಡಿಮೆ ಸಲ ಬರಲೆಂದು ದಿನಾ ತಗೊಳ್ಳುವ ಬೇರೆ ಮಾತ್ರೆ ಬರೆದರು. ಕೊನೆಗೆ ಅವನ ಮೊಣಕೈ ಹಿಡಿದು ಒಂದೇ ಮಾತನ್ನು ಎರಡು ಸಲ ಹೇಳಿದರು. ಬೆಳಕು ಬಂದ ಕೂಡಲೇ ಗಾಡಿ ನಿಲ್ಲಿಸು. ಎಲ್ಲಿದ್ದರೆ ಅಲ್ಲೇ.

ಕೆಲವು ತಿಂಗಳು ಜೈಪಾಲ ಆ ಮಾತನ್ನು ಚಾಚೂ ತಪ್ಪದೆ ನಡೆಸಿದ. ಧಮ್ಮಶೀಲಾ ಬೆಳಗ್ಗೆ ರೊಟ್ಟಿ ತಿನ್ನಿಸದೆ ಹೊರಗೆ ಬಿಡುತ್ತಿರಲಿಲ್ಲ. ನೀರಿನ ಬಾಟಲಿ, ನೆರಳಿಗೊಂದು ಟೊಪ್ಪಿಗೆ. ನೋವು ಬರುವುದು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಬೆಳಕು ಬಂತೆಂದರೆ ಗಾಡಿ ಪಕ್ಕಕ್ಕೆ ಹಾಕಿ, “ಬೇರೆ ಗಾಡಿ ಹತ್ರಿ, ನಂಗ ಮೈಗ್ರೇನ್ ಬಂದದ, ಎಡಗಡಿ ಕಾಣಂಗಿಲ್ಲ” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಇದ್ದದ್ದನ್ನು ಇದ್ದ ಹಾಗೆ ಹೇಳುವವನನ್ನು ನಮ್ಮ ಊರು ಏನು ಮಾಡುತ್ತದೆ ಎಂದು ಆಗ ನೋಡಿದೆ. ಜೈಪಾಲನಿಗೆ ಗಾಡಿ ಹೊಡೆಯುವಾಗ ಕಣ್ಣು ಹೋಗುತ್ತದಂತೆ ಎಂದರು. ಮೂರ್ಛೆ ರೋಗವಂತೆ ಎಂದರು. ಅವನ ಗಾಡಿಯಲ್ಲಿ ಕೂತ ಜನ, ಅವನ ಮುಖ ಕಂಡ ಕೂಡಲೇ ಇಳಿದು ಹಿಂದಿನ ಗಾಡಿಗೆ ಹೋಗುತ್ತಿದ್ದರು. ನಾನೂ ಮಾಳಮ್ಮನೂ ಖಾಲಿ ಗಾಡಿಯಲ್ಲಿ ರಾಣಿಯರ ಹಾಗೆ ಮನೂರಿಗೆ ಹೋಗಿದ್ದೂ ಉಂಟು. ನಿಲ್ಲಿಸುವವನ ಗಾಡಿಯೇ ಎಲ್ಲಕ್ಕಿಂತ ಭದ್ರ ಎಂದು ನಾನು ಎಷ್ಟು ಮಂದಿಯ ಮುಂದೆ ಬಾಯಿ ಮಾಡಿದೆನೋ! ಟೀಚರಿಗೆ ಪಾಠ ಹೇಳುವ ಚಟ ಎಂದು ನಕ್ಕು ಹೋದರು.

ಅಡ್ಡಾದಲ್ಲಿ ನಂಬರಿನ ಪದ್ಧತಿ. ಬಂದ ಗಾಡಿಗೆ ನಂಬರ್ ಬೀಳುತ್ತದೆ, ನಂಬರ್ ಬಂದಾಗ ಮಾತ್ರ ಸೀಟು ತುಂಬಬೇಕು. ಬಂದ ನಂಬರಿಗೆ ಹೋಗದೆ ಬಿಟ್ಟರೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ರೋಗ, ಸಾವು, ಯಾವುದಕ್ಕೂ ರಿಯಾಯಿತಿ ಇಲ್ಲ. ಜೈಪಾಲ ಹೀಗೆ ನಂಬರ್ ಕಳೆದುಕೊಂಡು ಬಾಲದಲ್ಲಿ ನಿಂತಾಗ ರಾಮುಲು ಬಂದು ಹೆಗಲ ಮೇಲೆ ಕೈಯಿಟ್ಟ. ಅವನು ಕೆಟ್ಟವನೇನಲ್ಲ. ಮಗಳಂಥ ಧಮ್ಮಶೀಲಾಳ ಸಂಸಾರ ಕೆಡುತ್ತದಲ್ಲ ಎಂಬ ಸಂಕಟ ಅವನಿಗೆ ನಿಜವಾಗಿಯೂ ಇತ್ತು.

“ಅಳಿಯಾ, ಆ ಮೈಗ್ರೇನ್ ಅನ್ನೂ ಮಾತ್ ಬಿಡು. ಜನಕ್ಕ ಅಂಜಿಕಿ ಬರ್ತದ. ಟೆನ್ಶನ್ ಅನ್ನು. ಟೆನ್ಶನ್ ಯಾರಿಗಿಲ್ಲ? ಮಂತ್ರಿಗೂ ಅದ. ಯಾರೂ ಇಳ್ಯಂಗಿಲ್ಲ.”

ಜೈಪಾಲ ಅಂದಿನಿಂದ ಟೆನ್ಶನ್ ಅನ್ನತೊಡಗಿದ. ಸುಳ್ಳೂ ಅಲ್ಲ, ಅದೂ ಇತ್ತಲ್ಲ ಅವನಿಗೆ. ಟೊಪ್ಪಿಗೆ ಹೋಯಿತು, ಟವೆಲ್ ಮತ್ತೆ ತಲೆಗೆ ಬಂತು. ಜನರೂ ಬಂದರು. ಯಾವ ದಿನ ಯಾವ ತಲೆನೋವು ಎಂದು ಅವನ ಬಾಯಿಂದ ತಿಳಿಯುವ ಹಾದಿ ನಮಗೆ ಮುಚ್ಚಿಹೋಯಿತು. ಬೆಳಕು ಬಂದರೆ ಬ್ರೇಕ್ ನೋಡುವ ನೆಪ, ಫೋನಿನ ನೆಪ ಹೇಳಿ ನಿಲ್ಲಿಸುತ್ತಿದ್ದನಂತೆ. ನೆಪಗಳೂ ಎಷ್ಟೆಂದು ಸಿಕ್ಕಾವು?

ತೊಗರಿ ಕಟಾವಿನ ದಿನಗಳು. ಹಿಂದಿನ ರಾತ್ರಿ ಜೈಪಾಲ ನ್ಯಾಲ್ಕಲ್ ಕಡೆಯ ಮದುವೆಯೊಂದಕ್ಕೆ ಬಾಡಿಗೆ ಹೊಡೆದು ಬೆಳಗಿನ ಜಾವ ಬಂದಿದ್ದ. ನಿದ್ದೆ ಇಲ್ಲ. ಮನೆಗೆ ಹೋದರೆ ನಂಬರ್ ತಪ್ಪುತ್ತದೆಂದು ನೇರ ಅಡ್ಡಾಕ್ಕೆ ಬಂದು, ಖಾಲಿ ಹೊಟ್ಟೆಗೆ ಚಹಾ ಕುಡಿದು ಸಾಲಿನಲ್ಲಿ ನಿಂತಿದ್ದ. ನಾನು ಹಿಂದಿನ ಸೀಟಿನಲ್ಲಿ ಕೂತೆ. ಗಾಡಿ ತುಂಬಿತ್ತು. ಅವನ ಎಡಕ್ಕೆ ಕೂತವನು ಫೋನಿನಲ್ಲಿ ಮುಳುಗಿದ್ದ. ಜೈಪಾಲ ಕೀ ತಿರುಗಿಸದೆ ಅಂಗೈ ನೋಡಿಕೊಳ್ಳುತ್ತ ಕೂತಿದ್ದ. ಕೈಯನ್ನು ಎಡಕ್ಕೆ ಸರಿಸುವುದು, ಮತ್ತೆ ನಡುವೆ ತರುವುದು.

“ಏನಾಗ್ಯದ ಜೈಪಾಲ?” ಎಂದೆ.

ರಾಮುಲು ಪಕ್ಕದಲ್ಲೇ ನಿಂತಿದ್ದ. ಜೈಪಾಲ ಅವನ ಮುಖ ನೋಡಿದ, ತುಂಬಿದ ಸೀಟುಗಳನ್ನು ನೋಡಿದ.

“ಏನಿಲ್ರಿ ಟೀಚರ್. ಟೆನ್ಶನ್.”

“ನಿನ್ ನಂಬರ್ ಅದ, ಹೊಡಿ ಹೊಡಿ” ಎಂದು ರಾಮುಲು ಗಾಡಿಯ ಬೆನ್ನು ತಟ್ಟಿದ.

ಊರು ದಾಟಿದ ಮೇಲೆ ಅವನ ಕುತ್ತಿಗೆ ಮತ್ತೆ ಮತ್ತೆ ಎಡಕ್ಕೆ ತಿರುಗುವುದನ್ನು ಕಂಡೆ. ರಾತ್ರಿ ಗಾಡಿ ಹೊಡೆದವನ ಕುತ್ತಿಗೆ, ಹಿಡಿದುಕೊಂಡಿರಬೇಕು ಅಂದುಕೊಂಡೆ. ಗಾಡಿ ನಿಧಾನವಾಗಿಯೇ ಹೋಗುತ್ತಿತ್ತು. ಇವತ್ತು ಬಹಳ ಜೋಪಾನ ಮಾಡುತ್ತಿದ್ದಾನೆ ಎಂದು ಯಾರೋ ಹಾಸ್ಯವನ್ನೂ ಮಾಡಿದರು.

ಬೇವಿನಮರದ ಕ್ರಾಸ್ ಬಂತು. ಮಾಳಮ್ಮ ಕೆಂಪು ಸೀರೆಯಲ್ಲಿ ಮರದ ಕೆಳಗೆ ನಿಂತಿದ್ದಳು. ತನ್ನ ಹುಡುಗನ ಗಾಡಿ ಎಂದು ದೂರದಿಂದಲೇ ಗುರುತು ಹಿಡಿದು, ದಿನದಂತೆ ಕೈಯೆತ್ತಿ, ದಿನದಂತೆ ಎರಡು ಹೆಜ್ಜೆ ಮುಂದೆ ಬಂದಳು. ಬೇರೆ ಯಾರ ಗಾಡಿಗೂ ಅವಳು ಹಾಗೆ ಮುಂದೆ ಬರುತ್ತಿರಲಿಲ್ಲ. ಜೈಪಾಲ ನಿಲ್ಲಿಸುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅವನಿಗೆ ಮಾಳಮ್ಮನಿರಲಿ, ಆ ಮರವೂ ಕಂಡಿರಲಿಲ್ಲ. ಕ್ರಾಸ್ ಇನ್ನೂ ಮುಂದಿದೆ ಎಂದುಕೊಂಡಿದ್ದನಂತೆ. ಎಡಕ್ಕೆ ಕೂತಿದ್ದವನು ಫೋನಿನಿಂದ ತಲೆಯೆತ್ತಿ ಕೂಗಿದ. ಆ ಕೂಗು, ಗಾಡಿಗೆ ಬಡಿದ ಸದ್ದು, ಎರಡೂ ಕೂಡಿಯೇ ಕೇಳಿದವು.

ತುಂಬಿದ ಗಾಡಿ ನಿಧಾನವಾಗಿದ್ದರೇನು, ಭಾರ ಭಾರವೇ. ಮಾಳಮ್ಮ ಮರದ ಬೇರಿನ ಮೇಲೆ ಬಿದ್ದಿದ್ದಳು. ನಾನು ಅವಳ ತಲೆಯನ್ನು ತೊಡೆಯ ಮೇಲೆ ತಗೊಂಡೆ. ಕೈಗೆ ಬಿಸಿಯಾಗಿ ತಾಗಿದ್ದು ರಕ್ತ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಂಬ್ಯುಲೆನ್ಸಿಗೆ ಫೋನು ಮಾಡಿದರು. ಜೈಪಾಲ ಮೊಣಕಾಲೂರಿ ಅವಳ ಕಾಲು ಹಿಡಿದಿದ್ದ. ಅವನ ಬಲಗಣ್ಣು ಅರ್ಧ ಮುಚ್ಚಿತ್ತು, ಮುಖ ಬಿಳಿಚಿತ್ತು. ನೋವು ಆಗ ಏರುತ್ತಿತ್ತು. ಮಾಳಮ್ಮ ಅದನ್ನು ನೋಡಿದಳು. ಅವಳಿಗಲ್ಲದೆ ಇನ್ನಾರಿಗೆ ತಿಳಿದೀತು?

“ಬೆಳಕ ಬಂದಿತ್ತೇನೋ ತಮ್ಮಾ?”

“ಬಂದಿತ್ತವ್ವ.”

“ಮತ್ಯಾಕ ಹೊಡ್ದಿ ಗಾಡಿ?”

ಸಂಗಾರೆಡ್ಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಮಾಳಮ್ಮ ತೀರಿಕೊಂಡಳು. ಅವತ್ತು ನಮ್ಮ ಶಾಲೆಯಲ್ಲಿ ಒಲೆ ಹಚ್ಚಲಿಲ್ಲ. ಮಕ್ಕಳು ತಟ್ಟೆ ಹಿಡಿದು ಕೂತೇ ಇದ್ದರು ಎಂದು ಆಮೇಲೆ ಹೇಳಿದರು.

ಠಾಣೆಗೆ ನಾನೂ ಹೋದೆ, ಕಂಡದ್ದನ್ನು ಹೇಳಲು. ಅಡ್ಡಾದವರು ಹತ್ತಾರು ಮಂದಿ ಬಂದಿದ್ದರು. ಬ್ರೇಕ್ ಹತ್ತಲಿಲ್ಲ ಅನ್ನು, ಮುದುಕಿ ಅಡ್ಡ ಬಂದಳು ಅನ್ನು ಎಂದು ಹೊರಗೇ ಜೈಪಾಲನಿಗೆ ಪಾಠ ಮಾಡಿದ್ದರು. ಒಳಗೆ ಅವನು, “ಎಡಗಡಿ ಕಾಣಲಿಲ್ರಿ” ಎಂದ. ಹಾಡುಹಗಲು, ಕೆಂಪು ಸೀರೆ, ಕಾಣಲಿಲ್ಲ ಅಂದರೇನು ಎಂದು ಜಮಾದಾರ ಗದರಿದ. ತಲೆನೋವಿತ್ತು ಎಂದ ಜೈಪಾಲ.

“ತಲಿಬ್ಯಾನಿ ನಂಗೂ ಅದಲೇ. ಮುಂಜಾನಿಂದ ಅದ. ಏನು, ಟೆನ್ಶನ್ನಾ?”

ರಾಮುಲು ಹಿಂದಿನಿಂದ ಜೈಪಾಲನ ಅಂಗಿ ಜಗ್ಗಿದ. “ಹೌದ್ ಸಾಬ್, ಟೆನ್ಶನ್. ರಾತ್ರಿಯೆಲ್ಲಾ ಬಾಡಿಗಿ ಹೊಡ್ದಾನ” ಎಂದು ತಾನೇ ಹೇಳಿದ. ಅವನ ತಲೆಗೂ ಅವತ್ತು ಟವೆಲ್ ಬಿಗಿದಿತ್ತು.

ಜೈಪಾಲ ತನ್ನ ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ.

“ಟೆನ್ಶನ್ ಅಲ್ರಿ. ಅದು ಬ್ಯಾರೆ, ನಂಗೊತ್ತದ. ಇದು ಮೈಗ್ರೇನ್. ಅಡ್ಡಾದಾಗ ಇರೂತ್ಲೇ ಬೆಳಕ ಬಂದಿತ್ತು. ನಿಲ್ಲಸಬೇಕು ಅಂತ ಡಾಕ್ಟರಮ್ಮ ಹೇಳಿದ್ರು. ಗೊತ್ತಿದ್ದೇ ಹೊಡ್ದೀನಿ.”

ರಾಮುಲು ಅಲ್ಲೇ ಗೋಡೆಗೊರಗಿ ಕೂತುಬಿಟ್ಟ. ಜಮಾದಾರ ಅದನ್ನೆಲ್ಲ ಬರೆದುಕೊಂಡ, ಜೈಪಾಲನನ್ನು ಒಳಗೆ ಕೂರಿಸಿದ. ಮೈಗ್ರೇನ್, ಎಡಗಡೆ ಕಾಣುವುದಿಲ್ಲ ಎಂದು ಅವನು ಠಾಣೆಯಲ್ಲಿ ಹೇಳಿದ ಮಾತನ್ನೇ ಹಿಂದೆ ಬೆಳಕು ಬಂದಾಗಲೆಲ್ಲ ಎಲ್ಲರ ಮುಂದೆ ಹೇಳುತ್ತಿದ್ದ. ಆಗ ಜನ ಅವನ ಗಾಡಿಯಿಂದ ಇಳಿದು ಹೋಗಿದ್ದರು.